ರಾತ್ರಿ ಪಾಳಿ ಗಾರ್ಡ್‌ಗಳಿಗೆ ಚಳಿಗಾಲದ ಸಮವಸ್ತ್ರ ಭತ್ಯೆ ಕೋರಿ

ದಿನಾಂಕ: 10-11-2025
ಪೀಣ್ಯ, ಬೆಂಗಳೂರು

ಇವರಿಗೆ,
ಆಪರೇಷನ್ಸ್ ಮ್ಯಾನೇಜರ್ ಅವರಿಗೆ

ವಿಷಯ: ಪೀಣ್ಯ ಗೋಡೌನ್ ಸೈಟಿನ 14 ಗಾರ್ಡ್‌ಗಳಿಗೆ ತಲಾ 1,200 ರೂಪಾಯಿ ಕೊಡುವ ಬಗ್ಗೆ

ಮಾನ್ಯರೇ,

ದೀಪಾವಳಿ ಕಳೆದು ಚಳಿ ಶುರುವಾಗಿದೆ. ನಮ್ಮ ಹುಡುಗರು ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಅದೇ ತೆಳು ಅಂಗಿ, ಪ್ಯಾಂಟಿನಲ್ಲೇ ನಿಲ್ಲುತ್ತಿದ್ದಾರೆ. ಹಿಂದಿನ ಗೇಟಿಗೆ ಕ್ಯಾಬಿನ್ ಇಲ್ಲ, ಮೇಲೊಂದು ತಗಡಿನ ಶೀಟ್ ಅಷ್ಟೇ. ಕಬ್ಬಿಣದ ಕುರ್ಚಿ ತಣ್ಣಗೆ ಕೊರೆಯುತ್ತದೆ ಅಂತ ರಟ್ಟು ಹಾಸಿಕೊಂಡು ಕೂರುತ್ತಾರೆ. ಮೊನ್ನೆ ಬೆಳಗಿನ ಜಾವ ನಾಲ್ಕಕ್ಕೆ ರೌಂಡ್ಸ್ ಹೋದಾಗ ಅಲ್ಲಿದ್ದ ಹಿರಿಯ ಗಾರ್ಡ್‌ಗೆ ರಿಜಿಸ್ಟರ್‌ನಲ್ಲಿ ಲಾರಿ ನಂಬರ್ ಬರೆಯಲು ಆಗಲಿಲ್ಲ. ಬೆರಳು ಮರಗಟ್ಟಿ ಪೆನ್ ಎರಡು ಸಲ ಕೈಜಾರಿತು. ಕೊನೆಗೆ ನಾನೇ ಬರೆದೆ.

ಹೋದ ಜನವರಿಯಲ್ಲಿ ಪೇಂಟ್ ಡಬ್ಬಿಯೊಳಗೆ ಕಾರ್ಟನ್ ಸುಟ್ಟು ಕೈ ಕಾಯಿಸಿಕೊಂಡಿದ್ದು ನಿಮಗೆ ನೆನಪಿರಬಹುದು. ಗೋಡೌನ್ ಗೋಡೆಗೆ ಮೂರಡಿ ದೂರವೂ ಇರಲಿಲ್ಲ. ಆಗ ಬೈದವನು ನಾನೇ. ಆದರೆ ಬೆಚ್ಚಗಿರುವ ಬಟ್ಟೆ ಕೊಡದೆ ಬೆಂಕಿ ಹಾಕಬೇಡಿ ಅಂದರೆ ಎಷ್ಟು ದಿನ ಕೇಳ್ತಾರೆ, ಅಲ್ವಾ?

ಇನ್ನೊಂದು ತೊಂದರೆ ಇದೆ. ಇಬ್ಬರು ಫುಟ್‌ಪಾತ್‌ನಲ್ಲಿ ಮಿಲಿಟರಿ ಡಿಸೈನ್ ಜಾಕೆಟ್ ಕೊಂಡು ಡ್ಯೂಟಿಗೆ ಹಾಕಿಕೊಂಡು ಬಂದಿದ್ದರು. ನಾನು ಬಿಚ್ಚಿಸಿದೆ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಸೈನ್ಯದ ಅಥವಾ ಪೊಲೀಸರ ಸಮವಸ್ತ್ರದಂತೆ ಕಾಣುವ ಬಟ್ಟೆ ಹಾಕಿದರೆ ಗಾರ್ಡ್ ಜೊತೆಗೆ ಏಜೆನ್ಸಿ ಮಾಲೀಕರಿಗೂ ಶಿಕ್ಷೆ. ಒಂದು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬಿಚ್ಚಿಸಿದ ರಾತ್ರಿ ಆ ಇಬ್ಬರೂ ನಡುಗುತ್ತಲೇ ಡ್ಯೂಟಿ ಮುಗಿಸಿದರು.

ಚಿಕ್ಕಪೇಟೆಯ ಹೋಲ್‌ಸೇಲ್ ಅಂಗಡಿಯಲ್ಲಿ ರೇಟು ಕೇಳಿ ಬಂದಿದ್ದೇನೆ. ನೇವಿ ಬ್ಲೂ ಸ್ವೆಟರ್ 750, ಮಂಕಿ ಕ್ಯಾಪ್ 120, ಗ್ಲೌಸ್ 150, ಉಣ್ಣೆ ಸಾಕ್ಸ್ ಎರಡು ಜೊತೆಗೆ 180. ಒಬ್ಬರಿಗೆ 1,200ರಂತೆ 14 ಜನಕ್ಕೆ 16,800 ರೂಪಾಯಿ. ಸ್ವೆಟರ್ ಮೇಲೆ ನಮ್ಮ ಬ್ಯಾಡ್ಜ್ ಹೊಲಿಸುವ ಜವಾಬ್ದಾರಿ ನನ್ನದು. ಕೆಲಸ ಬಿಟ್ಟು ಹೋಗುವವರಿಂದ ಸ್ವೆಟರ್ ವಾಪಸ್ ಪಡೆದು ಲೆಕ್ಕ ಇಡುತ್ತೇನೆ.

ಒಂದು ವಿನಂತಿ ಸರ್. ದಯವಿಟ್ಟು ಇದನ್ನು ಸಂಬಳದಲ್ಲಿ ಹಿಡಿಯಬೇಡಿ. ಮಳೆಗಾಲದಲ್ಲಿ ರೇನ್‌ಕೋಟ್ ದುಡ್ಡು ಕಟ್ ಆದಾಗ ಮೂವರು ಬೇರೆ ಏಜೆನ್ಸಿಗೆ ಹೋದರು. ಅವರ ಜಾಗಕ್ಕೆ ಜನ ಸಿಗುವಷ್ಟರಲ್ಲಿ ಉಳಿದವರಿಗೆ ಡಬಲ್ ಡ್ಯೂಟಿ ಹಾಕಬೇಕಾಯಿತು.

ಇದೇ 20ರೊಳಗೆ ಮಂಜೂರು ಮಾಡಿದರೆ ತಿಂಗಳ ಕೊನೆಗೆ ಬಟ್ಟೆ ಹಂಚಬಹುದು. ಪೂರ್ತಿ ಒಟ್ಟಿಗೆ ಕಷ್ಟವಾದರೆ ಹಿಂದಿನ ಗೇಟ್ ಮತ್ತು ಲಾರಿ ಯಾರ್ಡಿನ 6 ಜನಕ್ಕೆ ಮೊದಲು ಕೊಡಿ. ಅಂಗಡಿಯ ಕೊಟೇಶನ್, ಗಾರ್ಡ್‌ಗಳ ಅಳತೆ ಪಟ್ಟಿ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ರಂಗಸ್ವಾಮಿ
ಸೂಪರ್‌ವೈಸರ್, ರಾತ್ರಿ ಪಾಳಿ