ಪ್ರತ್ಯೇಕ ಸೆಕ್ಷನ್ ಪ್ರಸ್ತಾವದ ಬಗ್ಗೆ

ರಸಾಯನಶಾಸ್ತ್ರ ವಿಭಾಗ
ಆಂತರಿಕ ಟಿಪ್ಪಣಿ
ದಿನಾಂಕ: 21.10.2024

ಇವರಿಂದ: ವಿಭಾಗದ ಮುಖ್ಯಸ್ಥೆ
ಇವರಿಗೆ: ಸಹಾಯಕ ಪ್ರಾಧ್ಯಾಪಕರು, ಮೊದಲ ಸೆಮಿಸ್ಟರ್ ಪ್ರಾಕ್ಟಿಕಲ್ಸ್ ಉಸ್ತುವಾರಿ
ವಿಷಯ: ಕನ್ನಡ ಮಾಧ್ಯಮದಿಂದ ಬಂದ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಪ್ರತ್ಯೇಕ ಸೆಕ್ಷನ್, ಕಡಿಮೆ ಪ್ರಯೋಗಗಳು

ಮೇಡಂ,

ನಿಮ್ಮ ಪ್ರಸ್ತಾವವನ್ನು ಎರಡು ಸಲ ಓದಿದೆ. ಅದನ್ನು ಒಪ್ಪಲು ಆಗುತ್ತಿಲ್ಲ. ಕಾಲೇಜು ಮುಗಿದ ಮೇಲೂ ಕೂತು ಹುಡುಗರಿಗೆ ಲೆಕ್ಕ ಹೇಳಿಕೊಡುವವರು ನೀವು, ನಿಮ್ಮ ಕಾಳಜಿಯ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೆ ಒಂದು ಬ್ಯಾಚ್ ನೋಡಿ ನಾಲ್ಕೂ ಬ್ಯಾಚಿನ ಬಗ್ಗೆ ತೀರ್ಮಾನ ಮಾಡಿದ್ದೀರಿ. ಅದು ಆತುರದ ತೀರ್ಮಾನ.

ಸೋಮವಾರದ ಬ್ಯಾಚಿನಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವರು 12 ಜನ. ಮೊದಲ ಟೆಸ್ಟಿನಲ್ಲಿ ಅವರಲ್ಲಿ 9 ಜನ ಫೇಲ್. ಇದನ್ನಿಟ್ಟುಕೊಂಡು "ಕನ್ನಡ ಮಾಧ್ಯಮದವರಿಗೆ ಟೈಟ್ರೇಷನ್ ಹತ್ತುವುದಿಲ್ಲ" ಎಂದು ಬರೆದಿದ್ದೀರಿ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕು ಎಂದೂ ಸೇರಿಸಿದ್ದೀರಿ. ಆ ಮಾತು ನಿಜವಾಗುವುದು ಅಷ್ಟೂ ಅಕ್ಕಿ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದಾಗ. ನಮ್ಮಲ್ಲಿ ನಾಲ್ಕು ಪಾತ್ರೆಗಳಿವೆ, ನಾಲ್ಕು ಉರಿಗಳಿವೆ.

ಉಳಿದ ಮೂರು ಬ್ಯಾಚಿನ ಅಂಕಪಟ್ಟಿಯನ್ನೂ ತರಿಸಿ ನೋಡಿದೆ. ಅಲ್ಲಿ ಕನ್ನಡ ಮಾಧ್ಯಮದವರು 29 ಜನ, ಫೇಲಾದವರು 6. ಇಂಗ್ಲಿಷ್ ಮಾಧ್ಯಮದವರು 43, ಫೇಲಾದವರು 9. ಎರಡೂ ಕಡೆ ಹೆಚ್ಚೂಕಡಿಮೆ ಐದಕ್ಕೆ ಒಬ್ಬರು. ಮಾಧ್ಯಮವೇ ಕಾರಣವಾಗಿದ್ದರೆ ಇಲ್ಲೂ ಅದು ಕಾಣಬೇಕಿತ್ತು, ಅಲ್ವಾ?

ಹಾಗಾದರೆ ಸೋಮವಾರ ಏನಾಯಿತು? ಆ ಬ್ಯಾಚಿನ 24 ರೆಕಾರ್ಡ್ ಪುಸ್ತಕಗಳನ್ನೂ ಶನಿವಾರ ಕೂತು ತಿರುವಿ ಹಾಕಿದೆ. ಟೆಸ್ಟಿಗೆ ಇದ್ದದ್ದು ಆಕ್ಸಾಲಿಕ್ ಆಮ್ಲ ಮತ್ತು ಪೊಟಾಷಿಯಂ ಪರ್ಮಾಂಗನೇಟ್. ಅಭ್ಯಾಸದ ದಿನ ಒಬ್ಬ ಹುಡುಗಿ ಪೆನ್ಸಿಲಿನಲ್ಲಿ "ಗುಲಾಬಿ ಬರಲಿಲ್ಲ, ಕಂದು ಬಣ್ಣ ಬಂತು, ಮತ್ತೆ ಮಾಡಿದೆ, ಮತ್ತೆ ಕಂದು" ಎಂದು ಬರೆದುಕೊಂಡಿದ್ದಾಳೆ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾಳೆ. ಸಲ್ಫ್ಯೂರಿಕ್ ಆಮ್ಲ ಸಾಲದಿದ್ದರೆ, ದ್ರಾವಣ 60 ಡಿಗ್ರಿಯಷ್ಟು ಬಿಸಿಯಾಗದಿದ್ದರೆ ಮ್ಯಾಂಗನೀಸ್ ಡಯಾಕ್ಸೈಡ್ ಉಳಿದು ಕಂದಾಗುತ್ತದೆ. ಇನ್ನು ಕೆಲವರು ಬ್ಯುರೆಟ್ಟಿನಲ್ಲಿ ಕೆಳಗಿನ ಅಂಚು ಓದಿದ್ದಾರೆ. ಪರ್ಮಾಂಗನೇಟ್ ಗಾಢ ಬಣ್ಣದ್ದು, ಮೇಲಿನ ಅಂಚು ಓದಬೇಕು. ಈ ಮೂರೂ ಮಾತನ್ನು ನಾವು ಹೇಳುವುದು ಲ್ಯಾಬಿನ ಮೊದಲ ಹದಿನೈದು ನಿಮಿಷದಲ್ಲಿ.

ಆ ಹೊತ್ತಿಗೆ ಇವರು ಲ್ಯಾಬಿನಲ್ಲಿ ಇರಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಹತ್ತು ಜನರ ಹೆಸರಿನ ಮುಂದೆ 'ತಡ' ಎಂದು ನೀವೇ ಗುರುತು ಹಾಕಿದ್ದೀರಿ. ಹತ್ತೂ ಜನ ಒಂದೇ ಬಸ್ಸಿನವರು. ಲ್ಯಾಬ್ ಶುರು 9ಕ್ಕೆ, ಬಸ್ಸು ಸ್ಟ್ಯಾಂಡಿಗೆ ಬರುವುದೇ 9.20ಕ್ಕೆ. ಅವರಲ್ಲಿ ಎಂಟು ಜನ ಕನ್ನಡ ಮಾಧ್ಯಮ, ಇಬ್ಬರು ಇಂಗ್ಲಿಷ್ ಮಾಧ್ಯಮ. ಹತ್ತೂ ಜನ ಫೇಲ್. ಸಮಯಕ್ಕೆ ಬಂದ 14 ಜನರಲ್ಲಿ ಫೇಲಾದವರು ಇಬ್ಬರೇ, ಕನ್ನಡದವರೊಬ್ಬರು, ಇಂಗ್ಲಿಷಿನವರೊಬ್ಬರು.

ಬಸ್ಸೇ ಕಾರಣ ಎಂದು ನಾನು ಈಗಲೇ ಹೇಳಿಬಿಟ್ಟರೆ ಅದೂ ಒಂದೇ ಬ್ಯಾಚ್ ನೋಡಿ ಆಡಿದ ಮಾತಾಗುತ್ತದೆ. ಒಂದೇ ರೀಡಿಂಗ್ ಇಟ್ಟುಕೊಂಡು ನಾರ್ಮಾಲಿಟಿ ಲೆಕ್ಕ ಹಾಕಲು ನಾವು ಹುಡುಗರನ್ನು ಬಿಡುತ್ತೇವೆಯೇ? ಎರಡು ರೀಡಿಂಗ್ ತಾಳೆಯಾಗುವವರೆಗೆ ಮಾಡಿಸುತ್ತೇವೆ. ನಮಗೂ ಅದೇ ನಿಯಮ ಇರಲಿ.

ಡೌಟ್ ಕೇಳಲು ಬರುವವರೆಲ್ಲ ಕನ್ನಡ ಮಾಧ್ಯಮದವರೇ ಎಂದೂ ಬರೆದಿದ್ದೀರಿ. ಅವರು ನಿಮ್ಮ ಹತ್ತಿರ ಕನ್ನಡದಲ್ಲಿ ಧೈರ್ಯವಾಗಿ ಕೇಳುತ್ತಾರೆ, ಅದಕ್ಕೆ ಬರುತ್ತಾರೆ. ಅರ್ಥವಾಗದೆಯೂ ಬಾರದೆ ಸುಮ್ನೆ ಇರುವವರು ನಿಮ್ಮ ಎಣಿಕೆಗೆ ಸಿಕ್ಕಿಲ್ಲ. ಭಾಷೆಯ ತೊಡಕು ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವಳು. ಅದನ್ನು ಪುರಾವೆ ಎನ್ನಲಾರೆ, ಅದೂ ಒಬ್ಬಳ ಕಥೆಯೇ. ಆದರೆ ಮೊದಲ ಸೆಮಿಸ್ಟರಿನಲ್ಲೇ "ನಿಮಗೆ ಇಷ್ಟು ಪ್ರಯೋಗ ಸಾಕು" ಎಂದು ಬೇರೆ ಕೂರಿಸಿದರೆ ಆ 41 ಮಕ್ಕಳಿಗೆ ಏನನ್ನಿಸುತ್ತದೆ ಎಂಬುದು ನನಗೆ ಗೊತ್ತು. ಕಲಿಯದೆ ಬಿಟ್ಟ ಪ್ರಯೋಗವನ್ನು ಎಂ.ಎಸ್ಸಿ.ಗೆ ಹೋದಾಗ ಅವರಿಗೆ ಯಾರು ಕಲಿಸುತ್ತಾರೆ?

ಈಗ ಮಾಡಬೇಕಾದದ್ದು: 28ರಿಂದ ಸೋಮವಾರದ ಬ್ಯಾಚಿನ ಲ್ಯಾಬ್ ಮಧ್ಯಾಹ್ನ 2ಕ್ಕೆ, ಅವರ ಲೈಬ್ರರಿ ಅವಧಿ ಬೆಳಿಗ್ಗೆಗೆ. ಅದೇ ಪ್ರಯೋಗವನ್ನು ಮತ್ತೆ ಮಾಡಿಸಿ, ಮರುಟೆಸ್ಟ್ ಕೊಡಿ. ಪ್ರಯೋಗದ ವಿಧಾನವನ್ನು ಕನ್ನಡದಲ್ಲೂ ಬರೆದು ಲ್ಯಾಬಿನಲ್ಲಿ ಹಾಕುವ ನಿಮ್ಮ ಸಲಹೆ ನನಗೆ ಬಹಳ ಇಷ್ಟವಾಯಿತು. ಅದನ್ನು ಮರುಟೆಸ್ಟ್ ಆದ ಮೇಲೆ ಎಲ್ಲಾ ಬ್ಯಾಚಿಗೂ ಶುರು ಮಾಡೋಣ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಎರಡನೇ ಟೆಸ್ಟಿನ ಅಂಕಗಳನ್ನು ನಾಲ್ಕೂ ಬ್ಯಾಚಿನಿಂದ ಮಾಧ್ಯಮ ಮತ್ತು ಹಾಜರಿ ಸಮೇತ ಪಟ್ಟಿ ಮಾಡಿ ತನ್ನಿ. ಆಗಲೂ ಮಾಧ್ಯಮದ ವ್ಯತ್ಯಾಸ ಕಂಡರೆ ಹೊಸ ಪ್ರಸ್ತಾವವನ್ನು ನಾನೇ ನಿಮ್ಮ ಜೊತೆ ಕೂತು ಬರೆಯುತ್ತೇನೆ.

ವಿಭಾಗದ ಮುಖ್ಯಸ್ಥೆ