ಆನೆಮರಿ ಸ್ಟಿಕರ್ ಪ್ಯಾಕ್: ಪ್ರಾಂಪ್ಟ್‌ಗಳು

ಇವು ಚಿತ್ರ ಬರೆದುಕೊಡುವ ಎಐಗೆ ಕೊಡುವ ಪ್ರಾಂಪ್ಟ್‌ಗಳು. ಪ್ರತಿ ಸ್ಟಿಕರ್‌ಗೂ ಮೊದಲು ‘ಎಲ್ಲಕ್ಕೂ’ ಎಂಬ ಪ್ಯಾರಾವನ್ನು ಹಾಗೇ ಅಂಟಿಸಿ, ಅದರ ಕೆಳಗೆ ಭಾವದ ಸಾಲುಗಳನ್ನು ಸೇರಿಸಿ. ಪ್ಯಾರಾದಲ್ಲಿ ಒಂದು ಪದ ಬದಲಾದರೂ ಮುಂದಿನ ಚಿತ್ರದಲ್ಲಿ ಬೇರೆಯೇ ಆನೆ ಬಂದು ನಿಲ್ಲಬಹುದು.

ಎಲ್ಲಕ್ಕೂ: ಒಂದೇ ಒಂದು ಕಾರ್ಟೂನ್ ಆನೆಮರಿ. ತಲೆ ದೇಹದಷ್ಟೇ ದೊಡ್ಡದು. ತಿಳಿನೀಲಿ ಮೈ, ಕಿವಿಯೊಳಗೆ ಗುಲಾಬಿ, ಕುತ್ತಿಗೆಗೆ ಹಳದಿ ಸ್ಕಾರ್ಫ್, ದಂತವಿಲ್ಲ. ದಪ್ಪ ಕಪ್ಪು ಹೊರಗೆರೆ, ಎಲ್ಲೆಡೆ ಒಂದೇ ದಪ್ಪ. ಚಪ್ಪಟೆ ಬಣ್ಣ, ಕೂದಲು ಅಥವಾ ಚರ್ಮದ ಸೂಕ್ಷ್ಮ ಗೆರೆಗಳಿಲ್ಲ. ಇಡೀ ಆಕೃತಿಯ ಸುತ್ತ ಎಲ್ಲೂ ತುಂಡಾಗದ ಅಗಲ ಬಿಳಿ ಅಂಚು. ಹಿನ್ನೆಲೆ ಪೂರ್ತಿ ಒಂದೇ ಕಡು ಹಸಿರು. ನೆಲದ ನೆರಳು, ಅಕ್ಷರ, ಚೌಕಟ್ಟು ಇಲ್ಲ. ಚೌಕಾಕಾರದ ಚಿತ್ರ, ಆಕೃತಿ ನಡುವೆ, ನಾಲ್ಕೂ ಕಡೆ ಖಾಲಿ ಜಾಗ.

ಹಸಿರು ಯಾಕೆಂದರೆ ಆನೆಯ ಮೈಮೇಲೆ ಆ ಬಣ್ಣ ಎಲ್ಲೂ ಇಲ್ಲ, ಕತ್ತರಿಸುವುದು ಸುಲಭ. ಬಿಳಿ ಹಿನ್ನೆಲೆ ಕೇಳಿದರೆ ಬಿಳಿ ಅಂಚು ಅದರಲ್ಲೇ ಕರಗಿಹೋಗುತ್ತದೆ. ‘ಪಾರದರ್ಶಕ’ ಎಂದು ಕೇಳಿದರೆ ಎಷ್ಟೋ ಸಲ ಬೂದು-ಬಿಳಿ ಚೌಕಳಿಯನ್ನೇ ಬಣ್ಣವಾಗಿ ಬಳಿದು ಕೊಡುತ್ತದೆ.

ನಗು: ಬೆನ್ನಮೇಲೆ ಬಿದ್ದು ನಾಲ್ಕೂ ಕಾಲು ಮೇಲೆತ್ತಿ ನಗುತ್ತಿದೆ. ಕಣ್ಣು ಬಿಗಿಯಾಗಿ ಮುಚ್ಚಿ ಎರಡು ಕಮಾನಾಗಿವೆ, ಬಾಯಿ ಮುಖದ ಅರ್ಧದಷ್ಟು ತೆರೆದಿದೆ, ಸೊಂಡಿಲು ಸುರುಳಿ ಸುತ್ತಿದೆ.

ಸಿಟ್ಟು: ಮುಖ ಕೆಂಪೇರಿದೆ, ಹುಬ್ಬುಗಳು ಮೂಗಿನ ಮೇಲೆ ಕೂಡಿವೆ, ಕಿವಿಗಳು ಅಗಲವಾಗಿ ಹರಡಿವೆ, ನೆಟ್ಟಗೆ ನಿಂತ ಸೊಂಡಿಲಿನ ತುದಿಗೆ ಅಂಟಿಕೊಂಡಂತೆ ಎರಡು ಹೊಗೆಯುಂಡೆ.

ಅಳು: ಕುಳಿತು ಅಳುತ್ತಿದೆ. ಕೆಳತುಟಿ ನಡುಗಿ ಹೊರಚಾಚಿದೆ, ಕಿವಿಗಳು ನೆಲಕ್ಕೆ ಜೋತಿವೆ. ಕಣ್ಣೀರು ಎರಡು ದಪ್ಪ ಧಾರೆಯಾಗಿ ಕೆನ್ನೆಗೆ ಅಂಟಿ ಹರಿದು ಕಾಲಬಳಿ ಕೊಳವಾಗಿದೆ.

‘ಅಂಟಿ’ ಎಂಬ ಪದವನ್ನು ಬಿಡಬೇಡಿ. ಗಾಳಿಯಲ್ಲಿ ತೇಲುವ ಹನಿ, ಹೊಗೆ, ನಕ್ಷತ್ರಗಳಿಗೆ ಬಿಳಿ ಅಂಚು ಸರಿಯಾಗಿ ಬರುವುದಿಲ್ಲ. ಕತ್ತರಿಸುವಾಗ ಅವು ಅಳಿಸಿಯೂ ಹೋಗುತ್ತವೆ.

ಅಚ್ಚರಿ: ತಲೆ ಮಾತ್ರ. ತಟ್ಟೆಯಗಲ ಕಣ್ಣು, ಸಾಸಿವೆಯಷ್ಟು ಪಾಪೆ, ದವಡೆ ಸ್ಕಾರ್ಫ್‌ವರೆಗೆ ಜಾರಿದೆ, ಕಿವಿಗಳು ಮೇಲಕ್ಕೆ ನಿಮಿರಿವೆ.

ನಿದ್ದೆ: ಸೊಂಡಿಲನ್ನೇ ದಿಂಬು ಮಾಡಿ ಮಲಗಿದೆ, ಒಂದು ಕಿವಿ ಹೊದಿಕೆಯಾಗಿದೆ, ಬಾಯಿಂದ ಜೊಲ್ಲು.

ಕ್ಷಮಿಸಿ: ಎರಡೂ ಕಿವಿಗಳಿಂದ ಮುಖ ಮುಚ್ಚಿ ಒಂದು ಕಣ್ಣಲ್ಲಿ ಇಣುಕುತ್ತಿದೆ, ಸೊಂಡಿಲಲ್ಲಿ ಒಂದೇ ಹೂವು.

ಪ್ಯಾಕ್‌ನಲ್ಲಿ ಹೆಚ್ಚು ಓಡುವುದು ಈ ಕೊನೆಯಂಥವೇ. ಭಾವ ಕಿವಿ-ಸೊಂಡಿಲಿನಲ್ಲಿದ್ದರೆ ಚಾಟ್‌ನಲ್ಲಿ ಚಿಕ್ಕದಾದರೂ ತಿಳಿಯುತ್ತದೆ. ಚಿತ್ರವನ್ನು ಹೆಬ್ಬೆರಳಿನಷ್ಟಕ್ಕೆ ಕುಗ್ಗಿಸಿ ನೋಡಿ. ಭಾವ ಗೊತ್ತಾಗದಿದ್ದರೆ ಬಾಯಿಯ ಅಳತೆಯನ್ನು ಬರೆದು ಮತ್ತೆ ಕೇಳಿ: ‘ತುಂಬಾ ನಗು’ ಎನ್ನುವುದಕ್ಕಿಂತ ‘ಮುಖದ ಅರ್ಧದಷ್ಟು’ ಎಂಬುದು ಕೆಲಸ ಮಾಡುತ್ತದೆ. ‘ಸಾರಿ’, ‘ಥ್ಯಾಂಕ್ಸ್’ ಬೇಕಿದ್ದರೆ ಆಮೇಲೆ ಫಾಂಟ್‌ನಲ್ಲಿ ಸೇರಿಸಿ. ಚಿತ್ರದಲ್ಲೇ ಬರೆಸಿದರೆ ಒತ್ತಕ್ಷರ ಕೆಡುತ್ತದೆ.

ವಾಟ್ಸಾಪ್‌ಗೆ ಪ್ರತಿ ಸ್ಟಿಕರ್ 512 × 512 ಪಿಕ್ಸೆಲ್, ವೆಬ್‌ಪಿ ಫೈಲ್, 100 ಕೆಬಿಯೊಳಗೆ. ಒಂದು ಪ್ಯಾಕ್‌ಗೆ ಕನಿಷ್ಠ 3, ಗರಿಷ್ಠ 30. ಬಿಳಿ ಅಂಚು 8 ಪಿಕ್ಸೆಲ್, ಅದರಾಚೆ ಚಿತ್ರದ ತುದಿಯವರೆಗೆ 16 ಪಿಕ್ಸೆಲ್ ಖಾಲಿ. ಬಂದ ಅಂಚು ವಕ್ರವಾಗಿದ್ದರೆ ಅದನ್ನೂ ಹಸಿರಿನ ಜೊತೆ ಕತ್ತರಿಸಿ, ಎಡಿಟರ್‌ನಲ್ಲಿ ಹೊಸದಾಗಿ ಬಿಳಿ ಸ್ಟ್ರೋಕ್ ಹಾಕಿ. ಪ್ಯಾಕ್‌ನ ಗುರುತಾಗಿ ಕಾಣುವ ಟ್ರೇ ಐಕಾನ್‌ಗೆ ‘ಅಚ್ಚರಿ’ ತಲೆಯನ್ನೇ 96 × 96ಕ್ಕೆ ಇಳಿಸಿದರೆ ಸಾಕು.