ರಾಜ ಮತ್ತು ಆನೆಯಿಂದ ಒಂಟಿ ರಾಜನಿಗೆ ಮೇಟ್

ಹೊಸಬರು ಈ ಆಟವನ್ನು ಗೆಲ್ಲಲಾಗದೆ ಒದ್ದಾಡುವುದಕ್ಕೆ ಒಂದೇ ಕಾರಣ: ಕೈಯಲ್ಲಿ ಆನೆ ಇದೆಯೆಂದು ಚೆಕ್ ಮೇಲೆ ಚೆಕ್ ಕೊಡುತ್ತಾರೆ. ಎದುರಾಳಿಯ ರಾಜ ಅತ್ತಿಂದಿತ್ತ ಓಡಾಡುತ್ತಾನೆ, ಹಲಗೆಯ ನಡುವೆಯೇ ಉಳಿಯುತ್ತಾನೆ. ಕಲಿಯುವ ದಿನಗಳಲ್ಲಿ ನಾನೂ ಹೀಗೆಯೇ ಅಟ್ಟಾಡಿಸಿ, ಕೊನೆಗೆ ಡ್ರಾ ಒಪ್ಪಿಕೊಂಡು ಎದ್ದಿದ್ದೇನೆ. ಎದುರಾಳಿ ನಡೆಗಳನ್ನು ಸದ್ದಿಲ್ಲದೆ ಎಣಿಸುತ್ತಿದ್ದ. ಕಾಯಿ ಹೊಡೆಯದೆ, ಪದಾತಿ ನಡೆಸದೆ ಎರಡೂ ಕಡೆ 50 ನಡೆ ಕಳೆದರೆ ಅವನು ಡ್ರಾ ಕೇಳಬಹುದು. ಸರಿಯಾಗಿ ಆಡಿದರೆ ಎಂಥ ಕೆಟ್ಟ ಸ್ಥಿತಿಯಿಂದಲೂ 16 ನಡೆಗಳೊಳಗೆ ಮೇಟ್ ಆಗುತ್ತದೆ. 50 ಎಂದರೆ ಧಾರಾಳ.

ಆನೆಯ ಮುಖ್ಯ ಕೆಲಸ ಗೋಡೆ ಕಟ್ಟುವುದು. ಅದು ಐದನೆಯ ಅಡ್ಡಸಾಲಿನಲ್ಲಿ ನಿಂತರೆ ಆ ಸಾಲನ್ನು ಎದುರಾಳಿ ರಾಜ ದಾಟಲಾರ. ಆದರೆ ಗೋಡೆಯನ್ನು ಒಂದು ಸಾಲು ಮುಂದಕ್ಕೆ ತಳ್ಳಲು ನಮ್ಮ ರಾಜನ ನೆರವು ಬೇಕು. ಎರಡು ರಾಜರು ಒಂದು ಮನೆಯ ಅಂತರದಲ್ಲಿ ಎದುರುಬದುರಾಗಿ ನಿಂತು, ನಡೆ ನಮ್ಮದಾಗಿದ್ದಾಗ ಮಾತ್ರ ಚೆಕ್ ಕೊಡಬೇಕು. ಆಗ ಮುಂದಿನ ಮೂರು ಮನೆಗಳನ್ನು ನಮ್ಮ ರಾಜ ಕಾಯುತ್ತಾನೆ, ಅಕ್ಕಪಕ್ಕದ ಮನೆಗಳನ್ನು ಆನೆ ಕಾಯುತ್ತದೆ. ಅವನಿಗೆ ಹಿಂದೆ ಸರಿಯದೆ ಬೇರೆ ದಾರಿಯಿಲ್ಲ.

ಈ ಸ್ಥಿತಿಯನ್ನು ಹಲಗೆಯ ಮೇಲೆ ಇಟ್ಟುಕೊಳ್ಳಿ. ಬಿಳಿ ರಾಜ d4, ಬಿಳಿ ಆನೆ h5, ಕಪ್ಪು ರಾಜ c6. ನಡೆ ಬಿಳಿಯದು.

ಕೈ ತುರಿಸುತ್ತದೆ: Rh6+ ಕೊಟ್ಟರೆ? ಕೊಟ್ಟರೆ ಕಪ್ಪು ರಾಜ Kb5 ಆಡಿ ಗೋಡೆ ಇಲ್ಲದ ಕಡೆಯಿಂದ ಹೊರಬೀಳುತ್ತಾನೆ. ರಾಜರು ಈಗ ಎದುರುಬದುರಾಗಿಲ್ಲ, ಕುದುರೆ ನೆಗೆತದ ಅಂತರದಲ್ಲಿದ್ದಾರೆ. ಇಲ್ಲಿ ಬೇಕಾದದ್ದು ಏನನ್ನೂ ಮಾಡದ ಒಂದು ನಡೆ, ಅಂದರೆ 1.Rg5. ಆನೆ ಅದೇ ಸಾಲಿನಲ್ಲಿ ಒಂದು ಮನೆ ಸರಿಯಿತು, ಅಷ್ಟೆ. ಗೋಡೆ ಹಾಗೆಯೇ ಇದೆ, ನಡೆಯುವ ಸರದಿ ಮಾತ್ರ ಕಪ್ಪಿನದಾಯಿತು. ಈ ಒಂದು ನಡೆಯ ಮರ್ಮ ತಿಳಿದವನಿಗೆ ಮಿಕ್ಕದ್ದೆಲ್ಲ ಸುಲಭ.

ಕಪ್ಪು Kd6 ಆಡಿದರೆ ತಾನಾಗಿಯೇ ನಮ್ಮ ಎದುರು ಬಂದು ನಿಂತಂತೆ. Kb6 ಎಂದು ಓಡಿದರೆ ನಾವು Kc4 ಎಂದು ಹಿಂಬಾಲಿಸುತ್ತೇವೆ. ಮತ್ತೆ Ka6 ಎಂದರೆ Kb4. ಅಂಚು ಮುಗಿದ ಮೇಲೆ ಅವನು b6ಕ್ಕೆ ಮರಳಿ ಎದುರು ನಿಲ್ಲಬೇಕು, ಇಲ್ಲವೆ ತಾನೇ ಒಂದು ಸಾಲು ಹಿಂದೆ ಹೋಗಬೇಕು. ನಿಂತರೆ Rg6+.

ನಾವು ಮೊದಲ ದಾರಿಯಲ್ಲಿ ಹೋಗೋಣ:

```
1.Rg5 Kd6 2.Rg6+ Ke7
3.Ke5 Kf7 4.Ra6 Kg7
5.Kf5 Kf7 6.Ra7+ Kf8
7.Kf6 Kg8 8.Rb7 Kh8
9.Kg6 Kg8 10.Rb8#
```

ಮೂರನೆಯ ನಡೆಯ ಉತ್ತರದಲ್ಲಿ ಕಪ್ಪು ರಾಜ f7ಕ್ಕೆ ಬಂದು ಆನೆಯ ಮೇಲೆ ಕಣ್ಣಿಡುತ್ತಾನೆ. ಗಾಬರಿ ಬೇಡ. ಆನೆ ಅದೇ ಆರನೆಯ ಸಾಲಿನಲ್ಲಿ ಹಲಗೆಯ ಆಚೆ ತುದಿಗೆ, a6ಕ್ಕೆ ಹೋಗುತ್ತದೆ. ಆನೆಗೆ ದೂರವೇ ರಕ್ಷೆ. ಹೀಗೆ ಓಡಿದ ನಡೆಯೇ ಇಲ್ಲಿ ಕಾಯುವ ನಡೆಯೂ ಆಗಿಬಿಟ್ಟಿತು: ಅವನು Ke7 ಎಂದರೆ ತಕ್ಷಣ Ra7+. ಅವನು Kg7 ಆಡಿದ್ದರಿಂದ ನಾವು Kf5 ಎಂದು ಜೊತೆಗೆ ಹೋದೆವು.

ಏಳನೆಯ ನಡೆಯಲ್ಲಿ ಅವನು Kg8 ಬದಲು Ke8 ಎಂದರೆ ಆನೆಯನ್ನು h7ಕ್ಕೆ ಒಯ್ಯಿರಿ. Rb7 ಆಡಿದರೂ ಗೆಲ್ಲುತ್ತೀರಿ. ಆದರೆ ಅವನು ಆ ಕಡೆಗೇ ಓಡುತ್ತಿರುವಾಗ ಆನೆ ಅವನ ದಾರಿಯಲ್ಲೇ ಸಿಕ್ಕಿ ಮತ್ತೊಮ್ಮೆ ಜಾಗ ಬದಲಿಸಬೇಕಾಗುತ್ತದೆ.

ಎಂಟನೆಯ ನಡೆಯ ನಂತರ ಕಪ್ಪು ರಾಜ h8 ಮೂಲೆಯಲ್ಲಿದ್ದಾನೆ. ಇಲ್ಲಿ ಒಂದು ನಿಮಿಷ ನಿಲ್ಲಿ. ಗೆಲುವಿನ ಉತ್ಸಾಹದಲ್ಲಿ Rg7 ಎಂದಿರೋ, ಅವನಿಗೆ ಚೆಕ್ಕೂ ಇಲ್ಲ, ಹೋಗಲು ಮನೆಯೂ ಇಲ್ಲ: g8 ಮತ್ತು h7 ಎರಡನ್ನೂ ಆನೆ ಹಿಡಿದಿದೆ, ಆನೆಯನ್ನು ಹೊಡೆಯೋಣವೆಂದರೆ f6ರ ರಾಜ ಕಾವಲಿದ್ದಾನೆ. ಅದು ಸ್ಟೇಲ್‌ಮೇಟ್, ಆಟ ಡ್ರಾ. ಮೂಲೆಯಲ್ಲಿ ನಡೆ ಆಡುವ ಮುನ್ನ ಅವನಿಗೆ ಒಂದಾದರೂ ಮನೆ ಉಳಿದಿದೆಯೇ ಎಂದು ಬೆರಳಿಟ್ಟು ನೋಡಿಕೊಳ್ಳಿ. 9.Kg6 ಆಡಿದಾಗ g8 ತೆರೆದಿರುತ್ತದೆ. ಅವನು ಅಲ್ಲಿಗೆ ಹೋಗಲೇಬೇಕು, ಎಂಟನೆಯ ಸಾಲಿಗೆ ಆನೆ ಬಂದರೆ ಮೇಟ್.

ಇದೇ ಸ್ಥಿತಿಯನ್ನು ಗೆಳೆಯನೊಬ್ಬನ ಎದುರು ಹತ್ತು ಸಲ ಆಡಿ. ಪ್ರತಿ ಸಲವೂ ಕಪ್ಪು ರಾಜ ಬೇರೆ ದಿಕ್ಕಿಗೆ ಓಡಲಿ. ಮೂರ್ನಾಲ್ಕು ಸಲ ಆಡುವಷ್ಟರಲ್ಲಿ ಚೆಕ್ ಕೊಡುವ ಹೊತ್ತು ಯಾವುದು, ಸುಮ್ಮನೆ ಸರಿಯುವ ಹೊತ್ತು ಯಾವುದು ಎಂಬುದು ಎಣಿಸದೆಯೇ ಕಣ್ಣಿಗೆ ಬೀಳತೊಡಗುತ್ತದೆ.